ಐದು ವರ್ಷದ ಮನೆ ವಿಮೆ: ಉಳಿತಾಯ ಇರುವುದು ರಿಯಾಯಿತಿಯಲ್ಲಲ್ಲ

ಪ್ರಶ್ನೆ: ಮೈಸೂರಿನಲ್ಲಿ 2,000 ಚದರಡಿಯ ಸ್ವಂತ ಮನೆ ಇದೆ, ಗೃಹಸಾಲ ಇನ್ನೂ ನಡೆಯುತ್ತಿದೆ. ಭಾರತ್ ಗೃಹ ರಕ್ಷಾ ಪಾಲಿಸಿಗೆ ವರ್ಷಕ್ಕೆ ₹2,000 ಮತ್ತು ಜಿಎಸ್‌ಟಿ ಆಗುತ್ತದೆ ಎಂದಿದ್ದಾರೆ. ಐದು ವರ್ಷದ್ದು ಒಟ್ಟಿಗೆ ಕಟ್ಟಿದರೆ ಶೇ 15 ರಿಯಾಯಿತಿ, ದರವೂ ಏರುವುದಿಲ್ಲವಂತೆ. ಬ್ಯಾಂಕಿನವರು ಹತ್ತು ವರ್ಷದ್ದನ್ನು ಶೇ 25 ರಿಯಾಯಿತಿಯಲ್ಲಿ ಮಾಡಿ ಸಾಲಕ್ಕೇ ಸೇರಿಸಿಬಿಡೋಣ ಎನ್ನುತ್ತಿದ್ದಾರೆ. ವರ್ಷ ವರ್ಷ ನವೀಕರಿಸುವುದಕ್ಕಿಂತ ಇದರಲ್ಲಿ ನಿಜವಾಗಿ ದುಡ್ಡು ಉಳಿಯುತ್ತದೆಯೇ?

ಉತ್ತರ: ಮುಂದಿನ ಐದು ವರ್ಷ ಆ ಮನೆಯನ್ನು ಮಾರುವ ಯೋಚನೆ ಇಲ್ಲದಿದ್ದರೆ, ಕೈಯಲ್ಲಿರುವ ದುಡ್ಡಿನಿಂದಲೇ ಕಟ್ಟುವುದಾದರೆ, ಐದು ವರ್ಷದ್ದನ್ನು ತೆಗೆದುಕೊಳ್ಳಿ. ಬ್ಯಾಂಕು ಹೇಳುತ್ತಿರುವ ಹತ್ತು ವರ್ಷದ್ದನ್ನು ಸಾಲಕ್ಕೆ ಸೇರಿಸಲು ಒಪ್ಪಬೇಡಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಐದು ವರ್ಷದ ಪಾಲಿಸಿ ಒಳ್ಳೆಯದಾಗುವುದು ಏಜೆಂಟರು ಹೇಳುವ ಕಾರಣಕ್ಕಲ್ಲ. ಆ ಶೇ 15ರ ಬಹುಪಾಲು ನಿಮ್ಮದೇ ದುಡ್ಡಿಗೆ ಬರಬೇಕಿದ್ದ ಬಡ್ಡಿ. ನಿಜವಾದ ಲಾಭ ಬೇರೆ ಕಡೆ ಇದೆ, ಅದು ಎಲ್ಲ ಪಾಲಿಸಿಗಳಲ್ಲೂ ಇರುವುದಿಲ್ಲ. ಹಾಗಾಗಿ ಲೆಕ್ಕವನ್ನು ಬಿಡಿಸಿಯೇ ನೋಡೋಣ.

ಮೊದಲು ರಿಯಾಯಿತಿ. ವರ್ಷಕ್ಕೆ ₹2,000ಕ್ಕೆ ಶೇ 18 ಜಿಎಸ್‌ಟಿ ಸೇರಿ ₹2,360. ದರ ಬದಲಾಗದಿದ್ದರೆ ಐದು ವರ್ಷಕ್ಕೆ ₹11,800. ಒಟ್ಟಿಗೆ ಕಟ್ಟಿದರೆ ₹10,000ದಲ್ಲಿ ಶೇ 15 ಕಳೆದು ₹8,500, ಅದಕ್ಕೆ ಜಿಎಸ್‌ಟಿ ₹1,530, ಒಟ್ಟು ₹10,030. ಮೇಲ್ನೋಟಕ್ಕೆ ₹1,770 ಉಳಿಯಿತು. ಆದರೆ ವರ್ಷ ವರ್ಷ ಕಟ್ಟುವವರು ಎರಡನೆಯ ವರ್ಷದ ಹಣವನ್ನು ಒಂದು ವರ್ಷ, ಐದನೆಯ ವರ್ಷದ ಹಣವನ್ನು ನಾಲ್ಕು ವರ್ಷ ತಮ್ಮ ಬಳಿಯೇ ಇಟ್ಟುಕೊಂಡಿರುತ್ತಾರೆ. ಅದು ಸುಮ್ಮನೆ ಕೂತಿರುವುದಿಲ್ಲ.

ಇದೇ ₹10,030ನ್ನು ಶೇ 7 ಬಡ್ಡಿಗೆ ಬ್ಯಾಂಕಿನಲ್ಲಿಟ್ಟು, ಪ್ರತಿ ವರ್ಷದ ಮೊದಲ ದಿನ ಅದರಿಂದಲೇ ₹2,360 ತೆಗೆದು ಪ್ರೀಮಿಯಂ ಕಟ್ಟಿದಿರಿ ಎಂದುಕೊಳ್ಳಿ. ಮೊದಲ ಕಂತು ಹೋದ ಮೇಲೆ ₹7,670 ಉಳಿಯುತ್ತದೆ, ವರ್ಷದ ಕೊನೆಗೆ ಬಡ್ಡಿ ಸೇರಿ ಸುಮಾರು ₹8,207 ಆಗುತ್ತದೆ. ಎರಡನೆಯ ಕಂತು ಕಳೆದು ಬಡ್ಡಿ ಕೂಡಿದರೆ ₹6,256, ಮೂರನೆಯದರ ನಂತರ ₹4,169, ನಾಲ್ಕನೆಯದರ ನಂತರ ₹1,935. ಐದನೆಯ ಕಂತಿಗೆ ಬೇಕಾದದ್ದು ₹2,360, ಇರುವುದು ₹1,935. ಕೊರತೆ ಸುಮಾರು ₹425. ಅಂದರೆ ಐದು ವರ್ಷದ ರಿಯಾಯಿತಿಯಿಂದ ನಿಮಗೆ ನಿಜವಾಗಿ ದಕ್ಕಿದ್ದು ಐದನೆಯ ವರ್ಷದಲ್ಲಿ ₹425. ಜಾಹೀರಾತಿನ ₹1,770 ಅಲ್ಲ.

ಈ ಲೆಕ್ಕವನ್ನು ತಿರುಗಿಸಿ ಕೇಳಿದರೆ ಉಪಯೋಗಕ್ಕೆ ಬರುವ ಒಂದು ಅಳತೆ ಸಿಗುತ್ತದೆ: ಬಡ್ಡಿ ನಷ್ಟವನ್ನು ಸರಿದೂಗಿಸಲು ಕನಿಷ್ಠ ಎಷ್ಟು ರಿಯಾಯಿತಿ ಬೇಕು? ಶೇ 7 ಬಡ್ಡಿ ಹಿಡಿದರೆ ಎರಡು ವರ್ಷದ ಪಾಲಿಸಿಗೆ ಶೇ 3.3, ಮೂರು ವರ್ಷದ್ದಕ್ಕೆ ಶೇ 6.4, ಐದು ವರ್ಷದ್ದಕ್ಕೆ ಶೇ 12.3, ಹತ್ತು ವರ್ಷದ್ದಕ್ಕೆ ಶೇ 24.8. ಇದಕ್ಕಿಂತ ಕಡಿಮೆ ರಿಯಾಯಿತಿ ಕೊಟ್ಟರೆ, ರಿಯಾಯಿತಿ ಎಂಬ ಹೆಸರಿನಲ್ಲಿ ನೀವೇ ಕಂಪನಿಗೆ ಕಡಿಮೆ ಬಡ್ಡಿಗೆ ಸಾಲ ಕೊಟ್ಟಂತೆ. ಬಡ್ಡಿಗೆ ಆದಾಯ ತೆರಿಗೆ ಕಟ್ಟಿ ಕೈಗೆ ಶೇ 5 ಮಾತ್ರ ಬರುವವರಾದರೆ ಐದು ವರ್ಷದ ಮಿತಿ ಶೇ 9ರ ಹತ್ತಿರ ಇಳಿಯುತ್ತದೆ. ನಿಮಗೆ ಹೇಳಿರುವ ಶೇ 15 ಈ ಮಿತಿಯನ್ನು ದಾಟುತ್ತದೆ. ಬ್ಯಾಂಕು ಹೇಳಿರುವ ಹತ್ತು ವರ್ಷದ ಶೇ 25 ಮಾತ್ರ ಸರಿಯಾಗಿ ಗೆರೆಯ ಮೇಲೆ ನಿಂತಿದೆ. ಅದೂ ಸ್ವಂತ ದುಡ್ಡಿನಿಂದ ಕಟ್ಟಿದರೆ.

ಇನ್ನು ನಿಜವಾದ ಲಾಭದ ಮಾತು. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮನೆಗಳಿಗೆ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಕಡ್ಡಾಯ ಮಾಡಿತು. ಇದನ್ನು ಹತ್ತು ವರ್ಷದವರೆಗೂ ಕೊಳ್ಳಬಹುದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಕೊಂಡವರಿಗೆ ಇದರಲ್ಲಿ ಒಂದು ಷರತ್ತು ಇದೆ: ಪಾಲಿಸಿಯ ಪ್ರತಿ ವಾರ್ಷಿಕ ದಿನದಂದು ಕಟ್ಟಡದ ವಿಮಾ ಮೊತ್ತ ತಾನೇ ಶೇ 10ರಷ್ಟು ಏರುತ್ತದೆ, ಅದಕ್ಕೆ ಹೆಚ್ಚುವರಿ ಪ್ರೀಮಿಯಂ ಇಲ್ಲ. ಒಟ್ಟು ಏರಿಕೆ ಆರಂಭದ ಮೊತ್ತದ ಶೇ 100 ದಾಟುವಂತಿಲ್ಲ, ಅಷ್ಟೇ. ಗಮನಿಸಿ, ಇದು ಕಟ್ಟಡಕ್ಕೆ ಮಾತ್ರ. ಒಳಗಿನ ಸಾಮಾನುಗಳ ಮೊತ್ತ ಏರುವುದಿಲ್ಲ.

ನಿಮ್ಮ ಮನೆಗೆ ಇದನ್ನು ಹೊಂದಿಸೋಣ. ಮನೆ ವಿಮೆಯಲ್ಲಿ ನಿವೇಶನದ ಬೆಲೆ ಲೆಕ್ಕಕ್ಕಿಲ್ಲ, ಕಟ್ಟಡವನ್ನು ಮತ್ತೆ ಕಟ್ಟಲು ಆಗುವ ಖರ್ಚು ಮಾತ್ರ. ಚದರಡಿಗೆ ₹2,000 ಎಂದು ಹಿಡಿದರೆ ₹40 ಲಕ್ಷ. ಐದು ವರ್ಷದ ಪಾಲಿಸಿಯಲ್ಲಿ ಇದು ಎರಡನೆಯ ವರ್ಷ ₹44 ಲಕ್ಷ ಆಗುತ್ತದೆ. ಏರಿಕೆಯನ್ನು ಆರಂಭದ ಮೊತ್ತದ ಮೇಲೆ ಸರಳವಾಗಿ ಕೂಡಿದರೂ ಐದನೆಯ ವರ್ಷ ₹56 ಲಕ್ಷಕ್ಕೆ ನಿಲ್ಲುತ್ತದೆ. ವರ್ಷ ವರ್ಷ ನವೀಕರಿಸುವವರು ಇದೇ ರಕ್ಷಣೆ ಬೇಕೆಂದರೆ ಪ್ರತಿ ನವೀಕರಣದಲ್ಲೂ ಮೊತ್ತವನ್ನು ತಾವೇ ಏರಿಸಿ, ಏರಿದ ಮೊತ್ತಕ್ಕೆ ಪ್ರೀಮಿಯಂ ಕಟ್ಟಬೇಕು. ದರ ಅದೇ ಇದ್ದರೂ ಅವರ ಪ್ರೀಮಿಯಂ ₹2,000, ₹2,200, ₹2,400, ₹2,600, ₹2,800 ಎಂದು ಏರುತ್ತದೆ. ಒಟ್ಟು ₹12,000, ಜಿಎಸ್‌ಟಿ ಸೇರಿ ₹14,160. ತಡವಾಗಿ ಕಟ್ಟುವ ಹಣದ ಬಡ್ಡಿಯನ್ನು ಶೇ 7ರಂತೆ ಕಳೆದರೆ ಇದರ ಇಂದಿನ ಬೆಲೆ ಸುಮಾರು ₹12,285. ನೀವು ಒಟ್ಟಿಗೆ ಕಟ್ಟುವುದು ₹10,030. ಈಗ ಅಂತರ ₹2,255.

ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟರೆ ಸಂಗತಿ ಸ್ಪಷ್ಟವಾಗುತ್ತದೆ. ಇಂದಿನ ಬೆಲೆಯಲ್ಲಿ ರಿಯಾಯಿತಿಯೊಂದರಿಂದಲೇ ಉಳಿದದ್ದು ₹325ರ ಆಸುಪಾಸು, ಮೊತ್ತ ತಾನೇ ಏರುವುದರಿಂದ ಉಳಿದದ್ದು ಅದರ ಐದಾರು ಪಟ್ಟು. ರಿಯಾಯಿತಿ ಒಂದು ರೂಪಾಯಿಯೂ ಕೊಡದೆ ಐದು ವರ್ಷಕ್ಕೆ ₹11,800 ಪೂರ್ತಿ ಕಟ್ಟಿಸಿಕೊಂಡರೂ, ಮೊತ್ತವನ್ನು ವರ್ಷಕ್ಕೆ ಶೇ 10 ಏರಿಸುವವರಿಗೆ ದೀರ್ಘಾವಧಿ ಪಾಲಿಸಿಯೇ ಸುಮಾರು ₹485 ಅಗ್ಗ.

ಆದರೆ ಇಲ್ಲೊಂದು ಪ್ರಾಮಾಣಿಕ ಪ್ರಶ್ನೆ ಕೇಳಿಕೊಳ್ಳಬೇಕು: ವರ್ಷ ವರ್ಷ ನವೀಕರಿಸಿದ್ದರೆ ನೀವು ನಿಜವಾಗಿಯೂ ಮೊತ್ತ ಏರಿಸುತ್ತಿದ್ದಿರಾ? ಬಹಳಷ್ಟು ಜನ ಏರಿಸುವುದಿಲ್ಲ, ಹಿಂದಿನ ವರ್ಷದ ಅಂಕಿಯನ್ನೇ ಮುಂದುವರಿಸುತ್ತಾರೆ. ಹಾಗೆ ಮಾಡಿದರೆ ಭಾರತ್ ಗೃಹ ರಕ್ಷಾದಲ್ಲಿ ಸಣ್ಣ ಕ್ಲೇಮುಗಳಿಗೆ ತೊಂದರೆ ಬರುವುದಿಲ್ಲ. ಹಳೆಯ ಬೆಂಕಿ ವಿಮೆಗಳಲ್ಲಿ ಮನೆಯ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಪ್ರತಿ ಕ್ಲೇಮಿನಲ್ಲೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಿದ್ದರು. ಈ ಪಾಲಿಸಿಯಲ್ಲಿ ಆ ಕಡಿತ ತೆಗೆದುಹಾಕಿದ್ದಾರೆ. ಮಳೆಗೆ ಕಾಂಪೌಂಡ್ ಬಿದ್ದು ₹3 ಲಕ್ಷ ಖರ್ಚಾದರೆ, ವಿಮಾ ಮೊತ್ತ ₹40 ಲಕ್ಷ ಇರಲಿ ₹56 ಲಕ್ಷ ಇರಲಿ, ಬರುವ ಹಣ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಕಾಣುವುದು ಮನೆ ಪೂರ್ತಿ ಅಥವಾ ಮುಕ್ಕಾಲು ಪಾಲು ಹೋದಾಗ. ಸಿಲಿಂಡರ್ ಸ್ಫೋಟ, ಭೂಕಂಪ, ಗುಡ್ಡ ಕುಸಿತದಂಥ ಸಂದರ್ಭದಲ್ಲಿ ವಿಮಾ ಮೊತ್ತವೇ ಪಾವತಿಯ ಮಿತಿ. ಐದು ವರ್ಷದ ಹಿಂದಿನ ₹40 ಲಕ್ಷದಲ್ಲಿ ಅದೇ ಮನೆಯನ್ನು ಎಬ್ಬಿಸಲು ಆಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮನೆ ವಿಮೆ ಮಾಡಿಸುವುದೇ ಅಂಥ ಒಂದು ದಿನಕ್ಕಾಗಿ. ಹಾಗಾಗಿ ಏರಿಕೆಗೆ ಬೆಲೆ ಇದೆ ಎಂದೇ ಲೆಕ್ಕ ಹಾಕಬೇಕು. ಕಟ್ಟಡ ವೆಚ್ಚ ಅಷ್ಟು ಏರುವುದಿಲ್ಲ, ವರ್ಷಕ್ಕೆ ಶೇ 5 ಸಾಕು ಎನ್ನುವವರಿಗೂ ಮೇಲಿನ ಅಂತರ ₹1,290ರ ಹತ್ತಿರ ನಿಲ್ಲುತ್ತದೆ.

ಈಗ ದರ ಕಟ್ಟಿಹಾಕುವ ವಿಚಾರ. ಅವಧಿ ಮುಗಿಯುವವರೆಗೆ ಕಂಪನಿ ನಿಮ್ಮಿಂದ ಹೆಚ್ಚಿನ ದರ ಕೇಳುವಂತಿಲ್ಲ ಎಂಬುದು ನಿಜ. ಮಾರುಕಟ್ಟೆಯಲ್ಲಿ ದರ ಇಳಿದರೆ ಅದು ನಿಮಗೆ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ. ಭಾರತ್ ಗೃಹ ರಕ್ಷಾದ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ, ಬೆಲೆ ಮಾತ್ರ ಬೇರೆ ಬೇರೆ. ಆದ್ದರಿಂದ ವರ್ಷ ವರ್ಷ ನವೀಕರಿಸುವವರು ಕಂಪನಿ ಬದಲಿಸಿದರೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಆರೋಗ್ಯ ವಿಮೆಯಂತೆ ಕಾಯುವ ಅವಧಿ ಇಲ್ಲ, ವಾಹನ ವಿಮೆಯಂತೆ ಕ್ಲೇಮಿಲ್ಲದ ವರ್ಷಗಳ ಬೋನಸ್ ಕೂಡ ಇಲ್ಲ. ಎರಡನೆಯ ವರ್ಷದಿಂದ ಶೇ 20 ಕಡಿಮೆ ದರದ ಕಂಪನಿ ಸಿಕ್ಕಿತು ಎನ್ನಿ. ಮೊತ್ತ ಏರಿಸದೆ ಮುಂದುವರಿಯುವವರಿಗೆ ಐದು ವರ್ಷದ ಖರ್ಚು ಇಂದಿನ ಬೆಲೆಯಲ್ಲಿ ₹8,755. ಅವರು ನಿಮಗಿಂತ ₹1,275 ಮುಂದೆ. ಮೊತ್ತವನ್ನು ಶೇ 10 ಏರಿಸುತ್ತಲೇ ಹೋಗುವವರಿಗೆ ₹10,300. ಅಂದರೆ ದರ ಐದರಲ್ಲಿ ಒಂದು ಪಾಲು ಇಳಿದರೂ, ಸಮಾನ ರಕ್ಷಣೆ ಬಯಸುವವರ ಲೆಕ್ಕದಲ್ಲಿ ನಿಮ್ಮ ಪಾಲಿಸಿ ಸೋಲುವುದಿಲ್ಲ. ದರ ಹುಡುಕಿ ಪ್ರತಿ ವರ್ಷ ಕಂಪನಿ ಬದಲಿಸುವ ಶ್ರದ್ಧೆ ಇರುವವರಿಗೆ ವಾರ್ಷಿಕ ನವೀಕರಣ ಸರಿಹೊಂದುತ್ತದೆ, ಉಳಿದವರಿಗೆ ಅಲ್ಲ.

ದರ ಕಟ್ಟಿಹಾಕುವುದರ ಬೆಲೆ ನಿಜಕ್ಕೂ ತಿಳಿಯುವುದು ಕ್ಲೇಮು ಆದ ಮೇಲೆ. ವಾರ್ಷಿಕ ಪಾಲಿಸಿಯಲ್ಲಿ ಪ್ರತಿ ನವೀಕರಣವೂ ಹೊಸ ಒಪ್ಪಂದ. ಒಮ್ಮೆ ನೀರು ನುಗ್ಗಿ ಕ್ಲೇಮು ಪಡೆದ ಮನೆಗೆ ಮುಂದಿನ ವರ್ಷ ಕಂಪನಿ ದರ ಏರಿಸಬಹುದು, ಬೇರೆ ಕಂಪನಿಗೆ ಹೋದರೂ ಪ್ರಪೋಸಲ್ ಫಾರಂನಲ್ಲಿ ಹಿಂದಿನ ಕ್ಲೇಮನ್ನು ಹೇಳಲೇಬೇಕು. ದೀರ್ಘಾವಧಿ ಪಾಲಿಸಿಯಲ್ಲಿ ಎರಡನೆಯ ವರ್ಷ ಕ್ಲೇಮಾದರೂ ಮೂರು, ನಾಲ್ಕು, ಐದನೆಯ ವರ್ಷಗಳ ದರ ಮೊದಲೇ ನಿಗದಿಯಾಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತು, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಿಗೆ ಕೆರೆ ನೀರು ನುಗ್ಗಿತು. ಅಂಥ ಜಾಗದಲ್ಲಿ ಮನೆ ಇರುವವರಿಗೆ ನಾನು ರಿಯಾಯಿತಿಯ ಲೆಕ್ಕವನ್ನೇ ಕೇಳದೆ ದೀರ್ಘಾವಧಿ ಪಾಲಿಸಿ ಮಾಡಿಸಿ ಎನ್ನುತ್ತೇನೆ. ಮೈಸೂರಿನ ಎತ್ತರದ ಬಡಾವಣೆಯ ಮನೆಗೆ ಈ ಕಾರಣ ಅಷ್ಟು ತೂಕದ್ದಲ್ಲ. ನಿಮ್ಮ ಮನೆ ರಾಜಕಾಲುವೆಯ ಬದಿಯಲ್ಲಿದ್ದರೆ ಮಾತು ಬೇರೆ.

ಭಾಗಶಃ ಹಾನಿಗೆ ಕ್ಲೇಮು ಕೊಟ್ಟ ಮೇಲೆ ವಿಮಾ ಮೊತ್ತ ಮತ್ತೆ ಪೂರ್ತಿಯಾಗುತ್ತದೆ. ಆದರೆ ಹಾನಿಯಾದ ದಿನದಿಂದ ಉಳಿದ ಅವಧಿಗೆ ಕ್ಲೇಮಾಗಿ ಕೊಟ್ಟಷ್ಟು ಮೊತ್ತದ ಪ್ರೀಮಿಯಂ ಕಟ್ಟಬೇಕು, ಕ್ಲೇಮಿನ ಹಣದಲ್ಲೇ ಅದನ್ನು ಹಿಡಿಯುತ್ತಾರೆ. ನಿಮ್ಮ ದರದಲ್ಲಿ ₹4 ಲಕ್ಷಕ್ಕೆ ವರ್ಷಕ್ಕೆ ₹200 ಆಗುತ್ತದೆ, ಮೂರು ವರ್ಷ ಉಳಿದಿದ್ದರೆ ₹600. ಕ್ಲೇಮಿನ ಲೆಕ್ಕದಲ್ಲಿ ಈ ಕಡಿತ ಕಂಡಾಗ ಗಾಬರಿಯಾಗಬೇಡಿ. ಮನೆ ಪೂರ್ತಿ ನಾಶವಾಗಿ ಪೂರ್ತಿ ಮೊತ್ತ ಕೊಟ್ಟರೆ ಪಾಲಿಸಿ ಅಲ್ಲಿಗೇ ಮುಗಿಯುತ್ತದೆ.

ಮರೆವಿನಿಂದ ಆಗುವ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ, ಆದರೆ ಅದೇ ದೊಡ್ಡದು. 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಮುಂಚಿತವಾಗಿ ಬಾರದೆ ಕಂಪನಿ ಹೊಣೆ ಹೊರುವಂತಿಲ್ಲ. ಮನೆ ವಿಮೆ ಕೊನೆಯ ದಿನದ ಮಧ್ಯರಾತ್ರಿಗೆ ಮುಗಿದರೆ, ಮರುದಿನ ಬೆಳಿಗ್ಗೆ ಆದ ಹಾನಿಗೆ ಏನೂ ಸಿಗುವುದಿಲ್ಲ. ಜೀವ ವಿಮೆಯಲ್ಲಿರುವಂತೆ ಒಂದು ತಿಂಗಳ ವಿನಾಯಿತಿ ಇದೆ ಎಂದು ನಂಬಿಕೊಂಡವರೇ ಹೆಚ್ಚು. ಪಾಲಿಸಿ ಜೂನ್ ಕೊನೆಗೋ ಜುಲೈಗೋ ಮುಗಿಯುವಂತಿದ್ದರೆ ತಪ್ಪಿದ ನವೀಕರಣ ಸರಿಯಾಗಿ ಮಳೆಗಾಲದಲ್ಲೇ ಬರುತ್ತದೆ. ವರ್ಷ ವರ್ಷ ನವೀಕರಿಸಲು ತೀರ್ಮಾನಿಸಿದರೆ ಆರಂಭದ ದಿನಾಂಕವನ್ನೇ ಜನವರಿ ಅಥವಾ ಫೆಬ್ರುವರಿಗೆ ಇಟ್ಟುಕೊಳ್ಳಿ.

ಐದು ವರ್ಷದ್ದು ನಷ್ಟವಾಗುವುದು ಯಾವಾಗ? ನಡುವೆ ಮನೆ ಮಾರಿದಾಗ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಜೂನ್ ಸುತ್ತೋಲೆಯ ಪ್ರಕಾರ ಗ್ರಾಹಕರು ಕಾರಣ ಹೇಳದೆಯೇ ಯಾವಾಗ ಬೇಕಾದರೂ ಪಾಲಿಸಿ ರದ್ದು ಮಾಡಬಹುದು. ಹಣ ವಾಪಸಾಗುವ ರೀತಿ ಮಾತ್ರ ಎರಡು ತರಹ. ಒಂದು ವರ್ಷದ ಪಾಲಿಸಿಯಲ್ಲಿ, ಕ್ಲೇಮು ಆಗಿರದಿದ್ದರೆ, ಉಳಿದ ತಿಂಗಳುಗಳಿಗೆ ತಕ್ಕಷ್ಟು ಹಣ ಬರುತ್ತದೆ. ಒಂದಕ್ಕಿಂತ ಹೆಚ್ಚು ವರ್ಷದ ಪಾಲಿಸಿಯಲ್ಲಿ ಇನ್ನೂ ಶುರುವಾಗದ ವರ್ಷಗಳ ಹಣವನ್ನು ವಾಪಸ್ ಕೊಡಬೇಕು ಎಂದಿದೆ. ನಡೆಯುತ್ತಿರುವ ವರ್ಷದ ಉಳಿದ ತಿಂಗಳುಗಳ ಹಣವನ್ನು ಕಂಪನಿ ಕೊಡದೆ ಹೋಗಬಹುದು.

ಇದನ್ನು ನಿಮ್ಮ ಅಂಕಿಗಳಲ್ಲಿ ನೋಡಿ. 26 ತಿಂಗಳಾದ ಮೇಲೆ ಮನೆ ಮಾರಿದಿರಿ, ಮೂರನೆಯ ವರ್ಷ ನಡೆಯುತ್ತಿದೆ. ಕಟ್ಟಿದ ₹8,500ರಲ್ಲಿ ನಾಲ್ಕು ಮತ್ತು ಐದನೆಯ ವರ್ಷದ ಪಾಲು ₹3,400 ವಾಪಸ್ ಬಂದರೆ ನಿಮ್ಮ ಖರ್ಚು ₹5,100. ವರ್ಷ ವರ್ಷ ಕಟ್ಟಿದವರು ಮೂರು ಸಲ ₹2,000 ಕಟ್ಟಿ, ಉಳಿದ 10 ತಿಂಗಳಿಗೆ ₹1,667 ವಾಪಸ್ ಪಡೆದರೆ ಅವರ ಖರ್ಚು ₹4,333. ಜಿಎಸ್‌ಟಿ ಸೇರಿಸದೆಯೇ ನೀವು ₹767 ಹೆಚ್ಚು ಕಟ್ಟಿದಂತಾಯಿತು, ಮೇಲೆ ಎರಡು ವರ್ಷದ ಬಡ್ಡಿ ಬೇರೆ. ಕಂಪನಿ ರಿಯಾಯಿತಿಯನ್ನು ಹಿಂದಕ್ಕೆ ಪಡೆದು, ಕಳೆದ ಮೂರು ವರ್ಷಕ್ಕೆ ಪೂರ್ತಿ ₹2,000ದಂತೆ ಹಿಡಿದರೆ ವಾಪಸಾಗುವುದು ₹2,500 ಮಾತ್ರ. ಆದ್ದರಿಂದ ಕೊಳ್ಳುವ ಮೊದಲೇ ಒಂದು ಇಮೇಲ್ ಕಳುಹಿಸಿ ಕೇಳಿ: ಮೂರನೆಯ ವರ್ಷದ ನಡುವೆ ರದ್ದು ಮಾಡಿದರೆ ಎಷ್ಟು ರೂಪಾಯಿ ವಾಪಸ್, ಜಿಎಸ್‌ಟಿ ಬರುತ್ತದೆಯೇ, ನಡುವೆ ಕ್ಲೇಮಾಗಿದ್ದರೆ ಏನು? ಉತ್ತರ ಬರಹದಲ್ಲೇ ಇರಲಿ. ಇನ್ನೊಂದು ಮಾತು. ಮನೆ ಮಾರಿದ ಮೇಲೆ ಆ ಪಾಲಿಸಿಯಿಂದ ನಿಮಗೆ ಕ್ಲೇಮು ಸಿಗುವುದಿಲ್ಲ, ಕೊಂಡವರಿಗೂ ಅದು ತಾನಾಗಿ ಹೋಗುವುದಿಲ್ಲ. ನೋಂದಣಿಯಾದ ದಿನವೇ ರದ್ದತಿ ಅರ್ಜಿ ಹಾಕಿ.

ಈಗ ಬ್ಯಾಂಕಿನ ಮಾತಿಗೆ ಬರೋಣ. ಹತ್ತು ವರ್ಷಕ್ಕೆ ₹20,000, ಶೇ 25 ಕಳೆದು ₹15,000, ಜಿಎಸ್‌ಟಿ ಸೇರಿ ₹17,700. ಇದನ್ನು ಸಾಲಕ್ಕೆ ಸೇರಿಸಿದರೆ ಕೈಯಿಂದ ಏನೂ ಹೋಗದಂತೆ ಕಾಣುತ್ತದೆ, ಇಎಂಐಯಲ್ಲಿ ಏರುವುದು ಸಣ್ಣ ಮೊತ್ತ. ಸಾಲ ಶೇ 8.5 ಬಡ್ಡಿಯಲ್ಲಿ ಇನ್ನೂ 20 ವರ್ಷ ಇದೆ ಎಂದು ಹಿಡಿದರೆ ತಿಂಗಳಿಗೆ ಸುಮಾರು ₹154. ಆದರೆ ಅದು 240 ತಿಂಗಳು. ಒಟ್ಟು ಕಟ್ಟುವುದು ₹36,865ರ ಹತ್ತಿರ. ಮನೆಗೆ ರಕ್ಷಣೆ ಇರುವುದು ಹತ್ತು ವರ್ಷ, ಅದರ ಕಂತು ನಡೆಯುವುದು ಇಪ್ಪತ್ತು ವರ್ಷ. ಹನ್ನೊಂದನೆಯ ವರ್ಷದಲ್ಲಿ ಹೊಸ ಪಾಲಿಸಿಗೆ ಬೇರೆ ಹಣ ಕೊಡುತ್ತಾ, ಮುಗಿದುಹೋದ ಪಾಲಿಸಿಗೂ ಬಡ್ಡಿ ಕಟ್ಟುತ್ತಿರುತ್ತೀರಿ. ಪ್ರತಿ ವರ್ಷ ₹2,360 ಕಟ್ಟಿದ್ದರೆ ಹತ್ತು ವರ್ಷಕ್ಕೆ ₹23,600 ಆಗುತ್ತಿತ್ತು. ಸಾಲದ ಹಣ ಎಂದಾಗ ಮೇಲೆ ಹೇಳಿದ ಅಳತೆಯೂ ಬದಲಾಗುತ್ತದೆ: ಶೇ 8.5 ಬಡ್ಡಿಯಲ್ಲಿ ಹತ್ತು ವರ್ಷದ ಪಾಲಿಸಿಗೆ ಕನಿಷ್ಠ ಶೇ 28.8 ರಿಯಾಯಿತಿ ಬೇಕು. ಅವರು ಕೊಡುತ್ತಿರುವುದು ಶೇ 25. ಮೊತ್ತದ ಏರಿಕೆಯ ಲಾಭ ಇಲ್ಲೂ ಇದೆ ನಿಜ. ಆದರೆ ಆ ಲಾಭ ಬೇಕಿದ್ದರೆ ಸ್ವಂತ ದುಡ್ಡಿನಿಂದ ಐದು ವರ್ಷದ್ದನ್ನು ಕೊಂಡು, ಆಮೇಲೆ ಇನ್ನೊಂದು ಐದು ವರ್ಷಕ್ಕೆ ಹೊಸದಾಗಿ ದರ ವಿಚಾರಿಸಿ. ಹತ್ತು ವರ್ಷ ಮುಂದಿನ ನಿಮ್ಮ ಮನೆ ಹೇಗಿರುತ್ತದೆ, ಯಾರು ಇರುತ್ತಾರೆ ಎಂಬುದು ಇಂದು ಗೊತ್ತಿಲ್ಲ.

ಅಡವಿಟ್ಟ ಕಟ್ಟಡಕ್ಕೆ ವಿಮೆ ಇರಬೇಕೆಂದು ಬ್ಯಾಂಕು ಸಾಲದ ಕರಾರಿನಲ್ಲಿ ಕೇಳಬಹುದು. ತಾನು ಹೇಳಿದ ಕಂಪನಿಯಿಂದಲೇ ಕೊಳ್ಳಬೇಕೆಂದು ಒತ್ತಾಯ ಮಾಡುವಂತಿಲ್ಲ. ಬೇರೆ ಕಂಪನಿಯ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿಸಿ ಅದರ ಪ್ರತಿಯನ್ನು ಶಾಖೆಗೆ ಕೊಟ್ಟರೆ ಸಾಕು. ಹಾಗೆಯೇ ಬ್ಯಾಂಕು ತೋರಿಸುತ್ತಿರುವುದು ಮನೆ ವಿಮೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಸಾಲಗಾರರು ತೀರಿಕೊಂಡರೆ ಸಾಲ ತೀರಿಸುವ ಜೀವ ವಿಮೆಯನ್ನೂ ಬ್ಯಾಂಕುಗಳಲ್ಲಿ 'ಹೋಮ್ ಲೋನ್ ಇನ್ಶೂರೆನ್ಸ್' ಎಂದೇ ಕರೆಯುತ್ತಾರೆ. ಅದರ ಪ್ರೀಮಿಯಂ ಬಹಳ ದೊಡ್ಡದು, ಮನೆಗೆ ಬೆಂಕಿ ಬಿದ್ದರೆ ಅದರಿಂದ ಏನೂ ಸಿಗುವುದಿಲ್ಲ. ಪತ್ರದಲ್ಲಿ ಜೀವ ವಿಮಾ ಕಂಪನಿಯ ಹೆಸರಿದೆಯೋ ಸಾಮಾನ್ಯ ವಿಮಾ ಕಂಪನಿಯ ಹೆಸರಿದೆಯೋ ನೋಡಿದರೆ ಗೊತ್ತಾಗುತ್ತದೆ.

ದರ ಕಟ್ಟಿಹಾಕಿದರೂ ಮನೆ ಇದ್ದ ಹಾಗೆ ಇರುವುದಿಲ್ಲವಲ್ಲ. ಎರಡನೆಯ ವರ್ಷ ಮೇಲೊಂದು ಮಹಡಿ ಎಬ್ಬಿಸಿದರೆ ಶೇ 10ರ ಏರಿಕೆ ಅದನ್ನು ತುಂಬಿಕೊಡುವುದಿಲ್ಲ. ಆ ಏರಿಕೆ ಬೆಲೆ ಹೆಚ್ಚಳಕ್ಕೆ, ಹೊಸ ಕಟ್ಟಡಕ್ಕಲ್ಲ. ಕಂಪನಿಗೆ ಬರೆದು ಹೊಸ ವಿಸ್ತೀರ್ಣ ಸೇರಿಸಿಕೊಂಡು, ಉಳಿದ ಅವಧಿಯ ಪ್ರೀಮಿಯಂ ಕಟ್ಟಿ ಎಂಡಾರ್ಸ್‌ಮೆಂಟ್ ಎಂಬ ತಿದ್ದುಪಡಿ ಪತ್ರ ಪಡೆಯಬೇಕು. ಕೆಳಮನೆಯನ್ನು ಪಿಜಿಗೋ ಅಂಗಡಿಗೋ ಕೊಟ್ಟರೂ ತಿಳಿಸಬೇಕು. ವಾರ್ಷಿಕ ನವೀಕರಣದಲ್ಲಿ ಇಂಥದ್ದನ್ನು ಕೇಳುವ ಸಂದರ್ಭ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಐದು ವರ್ಷದ ಪಾಲಿಸಿ ಬೀರುವಿನಲ್ಲಿ ಕೂತುಬಿಡುತ್ತದೆ, ಕ್ಲೇಮಿನ ದಿನ ಸರ್ವೇಯರ್ ಬಂದು ಅಳತೆ ಹಿಡಿದಾಗ ವ್ಯತ್ಯಾಸ ಹೊರಬೀಳುತ್ತದೆ.

ಸಾಮಾನುಗಳದ್ದೂ ಇದೇ ಕಥೆ. ಕಟ್ಟಡ ಮತ್ತು ಸಾಮಾನು ಎರಡಕ್ಕೂ ಪಾಲಿಸಿ ಪಡೆದರೆ ಕಟ್ಟಡದ ಮೊತ್ತದ ಶೇ 20ರಷ್ಟು, ಹೆಚ್ಚೆಂದರೆ ₹10 ಲಕ್ಷ, ಪಟ್ಟಿ ಕೊಡದೆಯೇ ಸೇರುತ್ತದೆ. ನಿಮಗೆ ₹8 ಲಕ್ಷ. ಐದು ವರ್ಷದಲ್ಲಿ ಕೊಳ್ಳುವ ಫ್ರಿಜ್ಜು, ಟಿವಿ, ಮಾಡ್ಯುಲರ್ ಅಡುಗೆಮನೆ ಎಲ್ಲ ಆ ₹8 ಲಕ್ಷದಲ್ಲೇ ಅಡಗಬೇಕು. ಮಾಮೂಲಿ ಕಳ್ಳತನಕ್ಕೆ ಈ ಪಾಲಿಸಿಯಲ್ಲಿ ರಕ್ಷಣೆ ಇಲ್ಲ ಎಂಬುದೂ ನೆನಪಿರಲಿ. ಬೆಂಕಿ, ನೆರೆಯಂಥ ಅವಘಡ ಆದ ಏಳು ದಿನದೊಳಗೆ ಅದರ ಬೆನ್ನಿಗೆ ಆದ ಕಳ್ಳತನಕ್ಕೆ ಮಾತ್ರ ಇದೆ. ಕಳ್ಳತನದ ರಕ್ಷಣೆಯನ್ನು ಬೇರೆಯಾಗಿ ಸೇರಿಸಿಕೊಂಡರೆ, ಅದೂ ಐದು ವರ್ಷಕ್ಕಿದೆಯೋ ಮೊದಲ ವರ್ಷಕ್ಕೆ ಮಾತ್ರವೋ ಕೇಳಿ. ಕಂಪನಿಗಳು ತಮ್ಮದೇ ಹೆಸರಿನಲ್ಲಿ ಮಾರುವ ದೊಡ್ಡ ಮನೆ ಪ್ಯಾಕೇಜುಗಳಲ್ಲಿ ಮೊತ್ತ ತಾನೇ ಏರುವ ಷರತ್ತು ಇರಲೇಬೇಕೆಂದಿಲ್ಲ. ಅದು ಇಲ್ಲದ ಪಾಲಿಸಿಯನ್ನು ಐದು ವರ್ಷಕ್ಕೆ ಕೊಂಡರೆ ಮೇಲಿನ ಲಾಭದ ದೊಡ್ಡ ಪಾಲೇ ಹೋಯಿತು, ಮೊತ್ತ ಐದು ವರ್ಷ ನಿಂತಲ್ಲೇ ನಿಲ್ಲುತ್ತದೆ. ಅಂಥದ್ದನ್ನು ವರ್ಷ ವರ್ಷವೇ ಮಾಡಿಸುವುದು ಲೇಸು.

ತೆರಿಗೆಯ ಬಗ್ಗೆ ಎರಡೇ ಮಾತು. ನೀವೇ ವಾಸವಿರುವ ಮನೆಯ ವಿಮೆಯ ಪ್ರೀಮಿಯಂಗೆ 80ಸಿ ಅಥವಾ 80ಡಿ ಅಡಿಯಲ್ಲಿ ಆದಾಯ ತೆರಿಗೆ ವಿನಾಯಿತಿ ಇಲ್ಲ, ಆದ್ದರಿಂದ ಒಟ್ಟಿಗೆ ಕಟ್ಟಿ ತೆರಿಗೆ ಉಳಿಸುವ ಆಸೆ ಬೇಡ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದರು, ಮನೆ ವಿಮೆಗೆ ಶೇ 18 ಹಾಗೇ ಇದೆ. ಮುಂದೆ ಇಳಿದರೆ ಒಟ್ಟಿಗೆ ಕಟ್ಟಿದವರಿಗೆ ಅದರ ಲಾಭ ಸಿಗುವುದಿಲ್ಲ. ಆ ಒಂದು ಸಾಧ್ಯತೆಗಾಗಿ ತೀರ್ಮಾನ ಬದಲಿಸುವುದು ಬೇಡ.

ದರ ಕೇಳುವಾಗ ಶೇಕಡಾವಾರು ರಿಯಾಯಿತಿಯನ್ನು ಕೇಳಬೇಡಿ, ರೂಪಾಯಿ ಕೇಳಿ. ಶೇ 25 ರಿಯಾಯಿತಿ ಎಂದವರು ಅದನ್ನು ₹2,600ರ ಮೇಲೆ ಕೊಟ್ಟಿದ್ದರೆ ವರ್ಷಕ್ಕೆ ₹1,950 ಬೀಳುತ್ತದೆ, ಬೇರೆ ಕಂಪನಿಯ ಮಾಮೂಲಿ ವಾರ್ಷಿಕ ದರವೇ ₹2,000 ಇರುತ್ತದೆ. ಅದೇ ವಿಸ್ತೀರ್ಣ, ಅದೇ ₹40 ಲಕ್ಷ, ಅದೇ ಹೆಚ್ಚುವರಿ ರಕ್ಷಣೆಗಳು ಎಂದು ಹೇಳಿ ಮೂರು ಕಂಪನಿಗಳಿಂದ ಒಂದೇ ವಾರದಲ್ಲಿ 1 ವರ್ಷ, 3 ವರ್ಷ, 5 ವರ್ಷದ ಬೆಲೆ ತರಿಸಿ. ಜಿಎಸ್‌ಟಿ ಬಿಟ್ಟ ಮೊತ್ತವನ್ನು ವರ್ಷಗಳಿಂದ ಭಾಗಿಸಿ, ಮೂರರಲ್ಲಿ ಅತಿ ಅಗ್ಗದ ವಾರ್ಷಿಕ ದರಕ್ಕೆ ಹೋಲಿಸಿ. ಮೂರು ವರ್ಷದ್ದು ಅದಕ್ಕಿಂತ ಶೇ 6.4 ಕಡಿಮೆ, ಐದು ವರ್ಷದ್ದು ಶೇ 12.3 ಕಡಿಮೆ ಇದ್ದರೆ ರಿಯಾಯಿತಿಯ ಮಟ್ಟಿಗೆ ನಷ್ಟವಿಲ್ಲ, ಮೊತ್ತದ ಏರಿಕೆ ಪೂರ್ತಿ ಲಾಭ. ಸ್ವಲ್ಪ ಕಡಿಮೆ ಬಿದ್ದರೂ ಏರಿಕೆಯ ಷರತ್ತು ಇರುವವರೆಗೆ ಚಿಂತೆಯಿಲ್ಲ. ಎರಡು ಮೂರು ವರ್ಷದಲ್ಲಿ ವರ್ಗಾವಣೆಯ ಸಾಧ್ಯತೆ ಇದ್ದು ಮನೆ ಮಾರಬೇಕಾಗಬಹುದು ಎನಿಸಿದರೆ ವಾರ್ಷಿಕವೇ ಇರಲಿ.

ಪಾಲಿಸಿ ಕೈಗೆ ಬಂದ ಕೂಡಲೇ ಷೆಡ್ಯೂಲ್ ಪುಟ ತೆರೆದು, ಕೊನೆಯ ದಿನಾಂಕ ಐದನೆಯ ವರ್ಷದ್ದೇ ಎಂದು ನೋಡಿ. ಐದು ವರ್ಷದ ಹಣ ಕಟ್ಟಿಸಿಕೊಂಡು ಒಂದು ವರ್ಷದ ದಿನಾಂಕ ಮುದ್ರಿಸಿದ್ದರೆ ಅಂದೇ ಬರೆದು ತಿದ್ದಿಸಬೇಕು. ಮನೆಯ ವಿಳಾಸ ಸಾಲಪತ್ರದಲ್ಲಿ ಇರುವಂತೆಯೇ ಇರಲಿ, ಕಾಂಪೌಂಡ್, ಸಂಪು, ಸೋಲಾರ್ ಇವುಗಳ ವೆಚ್ಚವೂ ಕಟ್ಟಡದ ಮೊತ್ತದಲ್ಲಿ ಸೇರಿರಲಿ. ಬ್ಯಾಂಕಿನ ಹೆಸರು ಪಾಲಿಸಿಯಲ್ಲಿ ಇರುವವರೆಗೆ ಕಟ್ಟಡದ ಕ್ಲೇಮು ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಐದು ವರ್ಷದ ನಡುವೆ ಸಾಲ ತೀರಿದರೆ, ಬ್ಯಾಂಕಿನಿಂದ ಬಾಕಿ ಇಲ್ಲದ ಪತ್ರ ಪಡೆದು ಕಂಪನಿಗೆ ಕಳುಹಿಸಿ, ಆ ಹೆಸರನ್ನು ತೆಗೆಸಿದ ಎಂಡಾರ್ಸ್‌ಮೆಂಟ್ ಕೈಗೆ ಬರುವವರೆಗೆ ಬೆನ್ನುಬಿಡಬೇಡಿ.